84 ಖಾಲಿ ಮನೆಗಳು: ಒಬ್ಬ ಟೀಚರ್ ಪೆನ್ಷನ್ ಲೆಕ್ಕದ ಕಥೆ

ಒಂದು ಹಾಳೆಯಿಂದ ಶುರು ಮಾಡುತ್ತೇನೆ. ನಿವೃತ್ತರಾದ ಒಬ್ಬ ಶಾಲಾ ಶಿಕ್ಷಕಿಗೆ ಪೆನ್ಷನ್ ಕಚೇರಿಯಿಂದ ಬಂದ ಹಾಳೆ ಅದು. ಅದರಲ್ಲಿ 'ವಂತಿಗೆ ಸಂದಾಯವಾದ ಅವಧಿ' ಎಂಬ ಸಾಲಿನ ಮುಂದೆ 27 ವರ್ಷ ಎಂದು ಬರೆದಿತ್ತು. ಅವರು ಪಾಠ ಮಾಡಿದ್ದು 34 ವರ್ಷ. ಅವರು ಹಾಳೆಯನ್ನು ನನ್ನ ಮುಂದಿಟ್ಟು ಕೇಳಿದ್ದು ಒಂದೇ ಮಾತು: "ನನಗೆ ಲೆಕ್ಕ ತಪ್ಪಿತಾ, ಅವರಿಗೆ ತಪ್ಪಿತಾ?"

ಅವರ ಹೆಸರು ಬೇಡ, ಟೀಚರ್ ಎಂದೇ ಕರೆಯುತ್ತೇನೆ. ನಾನು ಬಹಳ ವರ್ಷ ಶಾಲೆಗಳ ಸಂಬಳದ ಬಿಲ್ಲು ಬರೆಯುವ ಕೆಲಸದಲ್ಲಿ ಇದ್ದವನು. ಅದಕ್ಕೇ ಅವರು ನನ್ನ ಹತ್ತಿರ ಬಂದರು. ಕಾಣೆಯಾದ ಆ 7 ವರ್ಷವನ್ನು ಅವರು ಹೇಗೆ ಹುಡುಕಿದರು, ಎಷ್ಟು ಸಿಕ್ಕಿತು, ಎಷ್ಟು ಸಿಗಲಿಲ್ಲ ಎಂಬುದನ್ನು ಇವತ್ತು ನಿಮಗೆ ಹೇಳಬೇಕು. ಇಲ್ಲಿ ಕೂತಿರುವವರಲ್ಲಿ ನಿವೃತ್ತಿಗೆ ಹತ್ತಿರ ಇರುವವರು ಜಾಸ್ತಿ ಇದ್ದೀರಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಒಂದು ವಿಷಯ ಸರಿಯಾಗಿ ತಿಳಿಯಬೇಕು. ನಿಮ್ಮ ಸಂಬಳ ಚೀಟಿಯಲ್ಲಿ ಪೆನ್ಷನ್ ವಂತಿಗೆ ಇಷ್ಟು ಮುರಿದಿದೆ ಎಂದು ಇರುತ್ತದೆ. ಅದನ್ನು ನೋಡಿ ನಾವು ನಿಶ್ಚಿಂತೆಯಿಂದ ಇರುತ್ತೇವೆ. ಆದರೆ ಸಂಬಳದಲ್ಲಿ ಹಣ ಮುರಿಯುವುದು ಬೇರೆ, ಅದು ನಿಮ್ಮ ಖಾತೆಗೆ ಏರುವುದು ಬೇರೆ. ನಡುವೆ ಒಂದು ದಾರಿ ಇದೆ. ಶಾಲೆಯವರು ಸಂಬಳದ ಬಿಲ್ಲು ಮಾಡುತ್ತಾರೆ. ಅದರ ಜೊತೆ ಒಂದು ಪಟ್ಟಿ ಇರುತ್ತದೆ. ನಾವು ಅದನ್ನು ಶೆಡ್ಯೂಲ್ ಎನ್ನುತ್ತಿದ್ದೆವು. ಯಾರ ಹೆಸರು, ಯಾವ ಖಾತೆ ಸಂಖ್ಯೆ, ಎಷ್ಟು ಮೊತ್ತ, ಎಲ್ಲವೂ ಅದರಲ್ಲಿ ಸಾಲಾಗಿ ಇರುತ್ತದೆ. ಕೆಳಗೆ ಒಟ್ಟು ಮೊತ್ತ. ಆ ಒಟ್ಟು ಮೊತ್ತವನ್ನು ಶಾಲೆಯವರು ಒಂದೇ ಚಲನ್‌ನಲ್ಲಿ ಕಟ್ಟುತ್ತಾರೆ. ಆಮೇಲೆ ಪೆನ್ಷನ್ ಕಚೇರಿಯಲ್ಲಿ ಯಾರೋ ಒಬ್ಬರು ಆ ಪಟ್ಟಿಯನ್ನು ನೋಡಿಕೊಂಡು ಒಬ್ಬೊಬ್ಬರ ಖಾತೆಗೂ ಅವರವರ ಮೊತ್ತವನ್ನು ಏರಿಸುತ್ತಾರೆ.

ಗಮನಿಸಿ, ಹಣ ಹೋಗುವುದು ಒಟ್ಟಾಗಿ, ಹೆಸರು ಹೋಗುವುದು ಬೇರೆ ಕಾಗದದಲ್ಲಿ. ಹಾಗಾಗಿ ಹಣ ತಲುಪಿ ಹೆಸರು ತಲುಪದೇ ಇರಬಹುದು. ಹೆಸರು ತಲುಪಿ ಹಣ ತಲುಪದೇ ಇರಬಹುದು. ಈ ಎರಡೂ ಟೀಚರ್ ವಿಷಯದಲ್ಲಿ ಆಗಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಖಾತೆಯಲ್ಲಿ ಆ ತಿಂಗಳು ಖಾಲಿ ಇರುತ್ತದೆ ಅಷ್ಟೇ. ಆದರೆ ಮದ್ದು ಪೂರ್ತಿ ಬೇರೆ.

ಈಗ ಟ್ರಂಕಿಗೆ ಬರೋಣ. ಟೀಚರ್ ಮನೆಯ ಅಟ್ಟದ ಮೇಲೆ ಒಂದು ಟ್ರಂಕು ಇತ್ತು. 34 ವರ್ಷದ ಕಾಗದ ಅದರಲ್ಲಿತ್ತು. ನೇಮಕದ ಆದೇಶ, ವರ್ಗಾವಣೆ ಪತ್ರಗಳು, ಸಂಬಳ ಚೀಟಿಗಳು, ವರ್ಷಕ್ಕೊಂದರಂತೆ ಬಂದ ಖಾತೆಯ ಚೀಟಿಗಳು, ನಡುನಡುವೆ ಮಕ್ಕಳು ಬಿಡಿಸಿದ ಚಿತ್ರಗಳೂ ಇದ್ದವು. ಅವರು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಪಿನ್ನು ಕಿತ್ತು, ಸಂಬಳ ಚೀಟಿಗಳನ್ನೆಲ್ಲ ಒಂದು ಕಡೆ, ಪತ್ರಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಲು ಶುರು ಮಾಡಿದ್ದರು. ನಾನು ಹೋದಾಗ ಎರಡು ಕಟ್ಟು ಆಗಲೇ ಬಿಚ್ಚಿದ್ದರು. ನಾನು ಅವರನ್ನು ತಡೆದೆ.

ಯಾಕೆ ತಡೆದೆ ಎಂದರೆ, ಹಳೇ ಕಟ್ಟಿನಲ್ಲಿ ಯಾವ ಕಾಗದದ ಪಕ್ಕ ಯಾವ ಕಾಗದ ಇದೆ ಎನ್ನುವುದೇ ಒಂದು ಸಾಕ್ಷಿ. ಕೆಲವು ಸಂಬಳ ಚೀಟಿಗಳಲ್ಲಿ ತಿಂಗಳು ಇರುತ್ತದೆ, ವರ್ಷ ಇರುವುದಿಲ್ಲ. ಕೆಲವದರಲ್ಲಿ ಶಾಯಿ ಮಾಸಿ ಎರಡೂ ಹೋಗಿರುತ್ತವೆ. ಪಕ್ಕದ ಚೀಟಿಯಲ್ಲಿ ವರ್ಷ ಇದ್ದರೆ, ಎರಡಕ್ಕೂ ಒಂದೇ ಪಿನ್ನಿನ ತುಕ್ಕು ಕಲೆ ಒಂದೇ ಜಾಗದಲ್ಲಿ ಇದ್ದರೆ, ಇವೆರಡೂ ಜೊತೆಗಿದ್ದವು ಎಂದು ಗೊತ್ತಾಗುತ್ತದೆ. ಬಿಚ್ಚಿದ ಎರಡು ಕಟ್ಟುಗಳನ್ನು ಟೀಚರ್ ಮತ್ತೆ ಜೋಡಿಸಿದ್ದು ಹೀಗೇ, ಕಿಟಕಿಯ ಬೆಳಕಿಗೆ ಹಿಡಿದು, ತುಕ್ಕಿನ ತೂತಿಗೆ ತೂತು ಹೊಂದಿಸಿ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಆಮೇಲೆ ಅವರು ಪ್ರತಿ ಕಟ್ಟನ್ನೂ ಮೊದಲು ಫೋಟೋ ತೆಗೆದು, ಅದಾದ ಮೇಲೆ ಬಿಚ್ಚಿದರು. ಕಾರ್ಬನ್ ಪ್ರತಿಗಳನ್ನು ಕೈಯಿಂದ ಉಜ್ಜಬೇಡಿ, ಅಕ್ಷರ ಬೆರಳಿಗೆ ಬರುತ್ತದೆ. ಇದನ್ನು ಬಹಳ ಜನ ತಿಳಿಯದೆ ಮಾಡಿ ಕಳೆದುಕೊಂಡಿದ್ದಾರೆ.

ನಂತರ ಒಂದು ದೊಡ್ಡ ಚೌಕುಳಿ ಹಾಳೆ ತೆಗೆದುಕೊಂಡೆವು. ವರ್ಷಕ್ಕೆ ಒಂದು ಸಾಲು, ತಿಂಗಳಿಗೆ ಒಂದು ಮನೆ. 34 ಸಾಲು, 12 ಮನೆ, ಒಟ್ಟು 408. ಕಚೇರಿಯ ದಾಖಲೆಯಲ್ಲಿ ವಂತಿಗೆ ಇರುವ ತಿಂಗಳಿಗೆ ನೀಲಿ ಗೆರೆ. ಟೀಚರ್ ಹತ್ತಿರ ಸಂಬಳ ಚೀಟಿ ಇರುವ ತಿಂಗಳಿಗೆ ಕೆಂಪು ಚುಕ್ಕೆ. ಎರಡೂ ಇದ್ದರೆ ಚಿಂತೆ ಇಲ್ಲ. ನೀಲಿ ಮಾತ್ರ ಇದ್ದರೂ ಚಿಂತೆ ಇಲ್ಲ, ಚೀಟಿ ಕಳೆದಿದೆ ಅಷ್ಟೇ. ಕೆಂಪು ಇದ್ದು ನೀಲಿ ಇಲ್ಲದ ಮನೆಗಳನ್ನು ಹಿಡಿದು ಕೆಲಸ ಮಾಡಬಹುದು. ಎರಡೂ ಇಲ್ಲದವು ಕಷ್ಟದವು.

ಹಾಳೆ ತುಂಬಿದ ಮೇಲೆ ನೀಲಿ ಇಲ್ಲದ ಮನೆಗಳನ್ನು ಎಣಿಸಿದೆವು. 84. ಸರಿಯಾಗಿ 7 ವರ್ಷ. ಅಂದರೆ ಟೀಚರ್ ಲೆಕ್ಕ ತಪ್ಪಿರಲಿಲ್ಲ. ಆದರೆ ಅದಕ್ಕಿಂತ ಮುಖ್ಯವಾದದ್ದು ಹಾಳೆಯ ಮೇಲೆ ಕಣ್ಣಿಗೆ ಬಿತ್ತು. ಆ 84 ಮನೆಗಳು ಅಲ್ಲೊಂದು ಇಲ್ಲೊಂದು ಚದುರಿರಲಿಲ್ಲ. ಮೂರು ಗುಂಪಾಗಿ ಇದ್ದವು. ಮೊದಲ 36 ತಿಂಗಳು ಒಂದು ಗುಂಪು. ಹದಿನೈದನೇ ವರ್ಷದ ಹತ್ತಿರ 22 ತಿಂಗಳಿನದು ಇನ್ನೊಂದು. ಕೊನೆಗೆ ಹತ್ತಿರವಾಗಿ 26 ತಿಂಗಳಿನದು ಮತ್ತೊಂದು. ಹೀಗೆ ಗುಂಪು ಕಂಡರೆ, ಪ್ರತಿ ಗುಂಪಿಗೂ ಬೇರೆ ಬೇರೆ ಕಾರಣ ಇದೆ ಎಂದು ಅರ್ಥ. ಗುಂಪು ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ, ಆ ತಿಂಗಳಲ್ಲಿ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು ಎಂದು ನೆನಪು ಮಾಡಿಕೊಳ್ಳಿ. ಊರು ಬದಲಾಯಿತಾ, ಹೆಸರು ಬದಲಾಯಿತಾ, ಶಾಲೆಯ ಆಡಳಿತ ಬದಲಾಯಿತಾ, ಗುಮಾಸ್ತರು ಬದಲಾದರಾ?

ಈ ಹಾಳೆ ಮಾಡುವ ಮೊದಲು ಟೀಚರ್ ಕಚೇರಿಗೆ ನಾಲ್ಕು ಪುಟದ ಪತ್ರ ಬರೆದಿದ್ದರು. ತಮ್ಮ ಸೇವೆಯ ಕಥೆ ಪೂರ್ತಿ ಅದರಲ್ಲಿತ್ತು. ಎರಡು ಸಾಲಿನ ಉತ್ತರ ಬಂದಿತ್ತು: ತಾವು ತಿಳಿಸಿದ ಅವಧಿಯ ವಂತಿಗೆ ದಾಖಲೆಯಲ್ಲಿ ಲಭ್ಯವಿಲ್ಲ. ಆ ಉತ್ತರ ಓದಿ ಅವರು ಎರಡು ದಿನ ಟ್ರಂಕು ಮುಟ್ಟಲಿಲ್ಲವಂತೆ. ಆ ಉತ್ತರ ಸುಳ್ಳಲ್ಲ. ಅವರ ಖಾತೆ ಸಂಖ್ಯೆ ಹಾಕಿ ನೋಡಿದರು, ಇರಲಿಲ್ಲ, ಹಾಗೆಂದು ಬರೆದರು. ಬೇರೆ ಸಂಖ್ಯೆಯಲ್ಲಿ ಇರಬಹುದಾ ಎಂದು ಹುಡುಕಲು ಆ ಪತ್ರದಲ್ಲಿ ಯಾವ ಸುಳಿವೂ ಇರಲಿಲ್ಲ. ಜೊತೆಗೆ, ಮೂರು ಗುಂಪಿನ ಕೆಲಸ ಮೂರು ಮೇಜಿನದು. ನಾಲ್ಕು ಪುಟದ ಒಂದು ಪತ್ರವನ್ನು ಯಾವ ಮೇಜಿನವರೂ ತಮ್ಮದು ಎನ್ನುವುದಿಲ್ಲ. ಆದ್ದರಿಂದ ಗುಂಪಿಗೆ ಒಂದರಂತೆ, ಒಂದೊಂದೇ ಪುಟದ ಮೂರು ಪತ್ರ ಬರೆಯೋಣ ಎಂದುಕೊಂಡೆವು.

ಮೊದಲ ಗುಂಪು ನೋಡೋಣ. ಮೊದಲ 3 ವರ್ಷ ಟೀಚರ್ ತಾತ್ಕಾಲಿಕ ಹುದ್ದೆಯಲ್ಲಿ ಇದ್ದರು. ಆಗಲೂ ವಂತಿಗೆ ಮುರಿಯುತ್ತಿದ್ದರು, ಚೀಟಿಗಳಲ್ಲಿ ಇದೆ. ಕಾಯಂ ಆದಾಗ ಹೊಸ ಖಾತೆ ಸಂಖ್ಯೆ ಬಂತು. ಅದೇ ವರ್ಷ ಮದುವೆಯೂ ಆಯಿತು, ಹೊಸ ಖಾತೆ ಹೊಸ ಹೆಸರಿನಲ್ಲಿ ಆಯಿತು. ಹಳೇ ಸಂಖ್ಯೆ ಹಳೇ ಹೆಸರಿನಲ್ಲೇ ಉಳಿಯಿತು. ಅದನ್ನು ಇದಕ್ಕೆ ಸೇರಿಸಿ ಎಂದು ಯಾರೂ ಬರೆಯಲಿಲ್ಲ. ಕಚೇರಿಯ ಕಣ್ಣಿಗೆ ಇವರಿಬ್ಬರೂ ಬೇರೆ ಬೇರೆ ಹೆಂಗಸರು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಯಾಕೆಂದರೆ ಇದು ಒಬ್ಬ ಟೀಚರ್ ಕಥೆ ಮಾತ್ರ ಅಲ್ಲ. ಜಪಾನಿನಲ್ಲಿ 2007ರಲ್ಲಿ ಒಂದು ದೊಡ್ಡ ಗಲಾಟೆ ಆಯಿತು. ಅಲ್ಲಿ 1997ಕ್ಕೆ ಮುಂಚೆ ಕೆಲಸ ಬದಲಾದರೆ, ಯೋಜನೆ ಬದಲಾದರೆ ಬೇರೆ ಬೇರೆ ಪೆನ್ಷನ್ ಸಂಖ್ಯೆಗಳು ಬರುತ್ತಿದ್ದವು. 1997ರಲ್ಲಿ ಒಬ್ಬರಿಗೆ ಒಂದೇ ಸಂಖ್ಯೆ ಎಂದು ಮಾಡಿದರು. ಹಳೆಯ ದಾಖಲೆಗಳನ್ನು ಹೊಸ ಸಂಖ್ಯೆಗೆ ಸೇರಿಸಬೇಕಿತ್ತು. ಹತ್ತು ವರ್ಷ ಕಳೆದ ಮೇಲೆ ನೋಡಿದರೆ ಸುಮಾರು 5 ಕೋಟಿ ದಾಖಲೆಗಳು ಯಾರಿಗೂ ಸೇರದೆ ಉಳಿದಿದ್ದವು. ವಂತಿಗೆ ಕಟ್ಟಿದ್ದಾರೆ, ಹಣ ಬಂದಿದೆ, ಆದರೆ ಯಾರದ್ದು ಎಂದು ಗೊತ್ತಿಲ್ಲ. ಕಾರಣಗಳಲ್ಲಿ ಮದುವೆಯಾಗಿ ಮನೆತನದ ಹೆಸರು ಬದಲಾದದ್ದೂ ಒಂದು. ಇನ್ನೊಂದು ಅಲ್ಲಿನ ಬರವಣಿಗೆಗೆ ಸಂಬಂಧಿಸಿದ್ದು. ಅವರ ಹೆಸರುಗಳನ್ನು ಚಿತ್ರದಂಥ ಅಕ್ಷರಗಳಲ್ಲಿ ಬರೆಯುತ್ತಾರೆ, ಅದೇ ಅಕ್ಷರವನ್ನು ಎರಡು ಮೂರು ಥರ ಓದಬಹುದು. ಕಂಪ್ಯೂಟರಿಗೆ ಏರಿಸುವಾಗ ಉಚ್ಚಾರಣೆಯ ಲಿಪಿಯಲ್ಲಿ ಬರೆಯಬೇಕಿತ್ತು, ಏರಿಸುವವರು ತಮಗೆ ತೋಚಿದ ಹಾಗೆ ಓದಿದರು. ಹೆಸರು ಬದಲಾಗಿ ಹೋಯಿತು.

ಆಗ ಅಲ್ಲಿನ ಸರ್ಕಾರ ಏನು ಮಾಡಿತು ಎಂದರೆ, ವಂತಿಗೆ ಕಟ್ಟುವವರಿಗೂ ಪೆನ್ಷನ್ ಪಡೆಯುವವರಿಗೂ ಎಲ್ಲರಿಗೂ ಅವರವರ ದಾಖಲೆಯನ್ನು ಅಂಚೆಯಲ್ಲಿ ಕಳುಹಿಸಿ, ನೀವೇ ನೋಡಿ ಹೇಳಿ ಎಂದಿತು. ಅಂದರೆ ಕೊನೆಗೂ ಉತ್ತರ ಇದ್ದದ್ದು ಜನರ ನೆನಪಿನಲ್ಲಿ, ಜನರ ಮನೆಯ ಕಾಗದದಲ್ಲಿ. ಕಾಗದ ಇಲ್ಲದವರ ಮಾತನ್ನು ಪರಿಶೀಲಿಸಲು ಬೇರೆ ಸಮಿತಿಗಳನ್ನೇ ಮಾಡಿದರು. ದಾಖಲೆ ಸರಿಯಾದ ಮೇಲೆ ಹಳೇ ಬಾಕಿಗೆ 5 ವರ್ಷದ ಮುದ್ದತು ಅಡ್ಡ ಬರಬಾರದು ಎಂದು ಅದೇ ವರ್ಷ ಕಾನೂನೂ ತಂದರು. ಇದನ್ನು ನಾನು ಟೀಚರ್‌ಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಒಬ್ಬಳೇ ಅಲ್ಲ" ಎಂದರು.

ಅವರ ಹಳೇ ಸಂಖ್ಯೆ ಎಲ್ಲಿ ಸಿಕ್ಕಿತು ಗೊತ್ತಾ? ಮೊದಲ ನೇಮಕದ ಆದೇಶದ ಹಿಂಬದಿಯಲ್ಲಿ. ಆಗಿನ ಗುಮಾಸ್ತರು ಯಾರೋ ಪೆನ್ಸಿಲ್‌ನಲ್ಲಿ ಮೂಲೆಯಲ್ಲಿ ಬರೆದಿಟ್ಟಿದ್ದರು. ಸಂಬಳ ಚೀಟಿಗಳಲ್ಲಿ ಮೊತ್ತ ಇತ್ತು, ಸಂಖ್ಯೆ ಇರಲಿಲ್ಲ. ಟೀಚರ್ ಆ ಆದೇಶವನ್ನು ಎಷ್ಟೋ ಸಲ ಜೆರಾಕ್ಸ್ ಮಾಡಿಸಿದ್ದರು, ಯಾವಾಗಲೂ ಮುಂಬದಿ ಮಾತ್ರ. ದಯವಿಟ್ಟು ಕಾಗದಗಳ ಹಿಂಬದಿ ನೋಡಿ. ಕಚೇರಿಯ ಕೈಬರಹ ಜಾಸ್ತಿ ಇರುವುದು ಅಲ್ಲೇ.

ಆ ಸಂಖ್ಯೆ ಕೊಟ್ಟ ಮೇಲೆ ಹಳೇ ಲೆಡ್ಜರಿನ ಪುಟ ಸಿಕ್ಕಿತು. 36 ತಿಂಗಳೂ ಅಲ್ಲಿದ್ದವು. ಆದರೂ ಕಚೇರಿಯವರು ಒಂದು ಪ್ರಶ್ನೆ ಕೇಳಿದರು, ಅದು ನ್ಯಾಯವಾದ ಪ್ರಶ್ನೆ: ತಾತ್ಕಾಲಿಕ ಕೆಲಸ ಬಿಟ್ಟಾಗ ನೀವು ಆ ಹಣ ವಾಪಸ್ ತೆಗೆದುಕೊಂಡಿಲ್ಲ ಎಂದು ಏನು ಗ್ಯಾರಂಟಿ? ಕೆಲಸ ಬಿಡುವಾಗ ವಂತಿಗೆಯನ್ನು ವಾಪಸ್ ಪಡೆಯುವುದು ಬಹಳ ಯೋಜನೆಗಳಲ್ಲಿ ಉಂಟು. ಹಾಗೆ ಪಡೆದಿದ್ದರೆ ಆ ವರ್ಷಗಳು ಸೇವೆಗೆ ಸೇರುವುದಿಲ್ಲ. ಕೆಲವು ಕಡೆ ಬಡ್ಡಿ ಸಮೇತ ಮರಳಿ ಕಟ್ಟಿ ಸೇರಿಸಿಕೊಳ್ಳಬಹುದು, ಕೆಲವು ಕಡೆ ಅದೂ ಇಲ್ಲ. ಟೀಚರ್ ಪಡೆದಿರಲಿಲ್ಲ. ಲೆಡ್ಜರ್ ಪುಟದಲ್ಲಿ ಪಾವತಿಯ ಕಾಲಂ ಖಾಲಿ ಇತ್ತು, ಕೊನೆಯ ಸಾಲಿನಲ್ಲಿ ಬಾಕಿ ಹಾಗೇ ನಿಂತಿತ್ತು. ಜೊತೆಗೆ ಎರಡು ಹೆಸರೂ ಒಬ್ಬರದ್ದೇ ಎನ್ನುವುದಕ್ಕೆ ಮದುವೆಯ ದಾಖಲೆ. 36 ಮನೆಗೆ ನೀಲಿ ಗೆರೆ ಬಿತ್ತು.

ಎರಡನೇ ಗುಂಪು ನನಗೆ ಬಹಳ ಪ್ರಿಯವಾದದ್ದು, ಯಾಕೆಂದರೆ ಅದು ನಮ್ಮ ಗುಮಾಸ್ತರ ತಪ್ಪು. ನಾನು ಮಾಡಿದ್ದಲ್ಲ, ಆದರೆ ನನ್ನ ಕೈಯಿಂದಲೂ ಆಗಬಹುದಾಗಿದ್ದದ್ದು.

ಟೀಚರ್‌ಗೆ ವರ್ಗಾವಣೆ ಆಗಿತ್ತು. ವರ್ಗಾವಣೆ ಆದಾಗ ಹಳೇ ಶಾಲೆಯವರು ಕೊನೇ ಸಂಬಳದ ಪತ್ರ ಕೊಡುತ್ತಾರೆ. ಅದರಲ್ಲಿ ಖಾತೆ ಸಂಖ್ಯೆ ಇರುತ್ತದೆ. ಹೊಸ ಶಾಲೆಯ ಗುಮಾಸ್ತರು ಅದನ್ನು ನೋಡಿ ಶೆಡ್ಯೂಲಿಗೆ ಬರೆಯಬೇಕು. ಟೀಚರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 4163. ಬರೆದದ್ದು 4613. ಆಮೇಲೆ ಪ್ರತಿ ತಿಂಗಳೂ ಹಿಂದಿನ ತಿಂಗಳ ಶೆಡ್ಯೂಲ್ ನೋಡಿಕೊಂಡೇ ಮುಂದಿನದನ್ನು ಬರೆಯುವುದು. ಮೂಲ ಪತ್ರವನ್ನು ಯಾರೂ ಮತ್ತೆ ತೆಗೆಯುವುದಿಲ್ಲ. ಹೀಗೆ ಒಂದು ತಪ್ಪು 22 ತಿಂಗಳು ನಡೆಯಿತು. ಇನ್ನೊಬ್ಬರು ಗುಮಾಸ್ತರು ಬಂದು ಸೇವಾ ಪುಸ್ತಕದಿಂದ ಸಂಖ್ಯೆಗಳನ್ನು ಹೊಸದಾಗಿ ಬರೆದುಕೊಂಡ ತಿಂಗಳಿಂದ ಸರಿಹೋಯಿತು. ಆದರೆ ಹಿಂದಿನದನ್ನು ಯಾರೂ ತಿದ್ದಲಿಲ್ಲ, ತಪ್ಪಾಗಿತ್ತು ಎಂದು ಅವರಿಗೂ ತಿಳಿದಿರಲಿಕ್ಕಿಲ್ಲ.

ಲೆಕ್ಕ ಬರೆಯುವವರಿಗೆ ಒಂದು ಹಳೇ ಉಪಾಯ ಗೊತ್ತಿರುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ, ಸರಿ ಸಂಖ್ಯೆಗೂ ತಪ್ಪು ಸಂಖ್ಯೆಗೂ ಇರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 4613ರಲ್ಲಿ 4163 ಕಳೆದರೆ 450. 9 ಐವತ್ಲೆ 450. ವ್ಯತ್ಯಾಸ 9ರಿಂದ ಭಾಗವಾದ ಮಾತ್ರಕ್ಕೆ ಅದಲುಬದಲೇ ಆಗಿದೆ ಎಂದು ಹೇಳಲು ಆಗುವುದಿಲ್ಲ, ಬೇರೆ ತಪ್ಪಿನಿಂದಲೂ ಹಾಗಾಗಬಹುದು. ಆದರೆ ಎಲ್ಲಿ ನೋಡಬೇಕು ಎಂದು ಅದು ತೋರಿಸುತ್ತದೆ. ಮೊತ್ತದ ತಪ್ಪು ಹುಡುಕಲು ನಾವು ಇದನ್ನು ದಿನಾ ಬಳಸುತ್ತಿದ್ದೆವು.

ಆ ತಪ್ಪು ಸಂಖ್ಯೆಯ ಖಾತೆ ಬೇರೆ ಯಾರದ್ದಾದರೂ ಇದ್ದಿದ್ದರೆ ಹಣ ಅವರ ಖಾತೆಗೆ ಹೋಗುತ್ತಿತ್ತು, ಬಿಡಿಸುವುದು ಕಷ್ಟವಾಗುತ್ತಿತ್ತು. ಇಲ್ಲಿ ಸಂಖ್ಯೆಗೂ ಹೆಸರಿಗೂ ಹೊಂದಿಕೆ ಆಗದ್ದರಿಂದ ಕಚೇರಿಯವರು ಆ ಮೊತ್ತಗಳನ್ನು ಸಸ್ಪೆನ್ಸ್ ಖಾತೆಗೆ ಹಾಕಿದ್ದರು. ಯಾರದ್ದು ಎಂದು ತಿಳಿಯದ ಹಣ ಕಾಯುವ ಜಾಗ ಅದು. ಹಣ ಅಲ್ಲೇ ಇತ್ತು.

ಟೀಚರ್ ಇದನ್ನು ಆಗಲೇ ಹಿಡಿಯಬಹುದಿತ್ತಾ? ಹಿಡಿಯಬಹುದಿತ್ತು. ವರ್ಷಕ್ಕೊಂದು ಖಾತೆಯ ಚೀಟಿ ಬರುತ್ತಿತ್ತು, ಅವು ಟ್ರಂಕಿನಲ್ಲೇ ಇದ್ದವು. ಅವರು ನೋಡಿಯೂ ಇದ್ದರು. ಆದರೆ ಎಲ್ಲರ ಹಾಗೆ ಕೊನೆಯ ಸಾಲು ಮಾತ್ರ ನೋಡಿದ್ದರು. ಕೊನೆಯ ಸಾಲಿನ ಮೊತ್ತ ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಇತ್ತು. ಯಾಕೆಂದರೆ ಹಳೇ ಬಾಕಿಗೆ ಬಡ್ಡಿ ಸೇರುತ್ತಿತ್ತು. ಮೊತ್ತ ಬೆಳೆದಿದೆ, ಸರಿ ಇದೆ ಎಂದುಕೊಂಡು ಮಡಚಿ ಇಟ್ಟರು. ಆ ವರ್ಷದ ಚೀಟಿಯಲ್ಲಿ ನಡುವಿನ 'ವರ್ಷದ ವಂತಿಗೆ' ಕಾಲಂನಲ್ಲಿ ಸೊನ್ನೆ ಇತ್ತು. ನಾವು ಅದನ್ನು ನೋಡಿದಾಗ ಟೀಚರ್ ಬೆರಳು ಆ ಸೊನ್ನೆಯ ಮೇಲೇ ನಿಂತಿತು. ನೀವು ಮನೆಗೆ ಹೋಗಿ ನಿಮ್ಮ ಚೀಟಿ ತೆಗೆದಾಗ ಒಟ್ಟು ಮೊತ್ತ ಬಿಡಿ, ಈ ಕಾಲಂ ನೋಡಿ. ಜೊತೆಗೆ ಈ ವರ್ಷದ ಆರಂಭದ ಬಾಕಿ, ಹೋದ ವರ್ಷದ ಕೊನೆಯ ಬಾಕಿಗೆ ಸಮ ಇದೆಯಾ ನೋಡಿ. ಎರಡೇ ನಿಮಿಷದ ಕೆಲಸ.

ಪತ್ರದಲ್ಲಿ ಟೀಚರ್ ಇಷ್ಟೇ ಬರೆದರು: ನನ್ನ ಸಂಖ್ಯೆ ಇದು, ಈ ತಿಂಗಳಿಂದ ಈ ತಿಂಗಳವರೆಗೆ ಶೆಡ್ಯೂಲಿನಲ್ಲಿ ಬಿದ್ದಿರುವ ಸಂಖ್ಯೆ ಇದು, ಶಾಲೆಯಲ್ಲಿ ಉಳಿದಿರುವ ಶೆಡ್ಯೂಲಿನ ಎರಡು ಪ್ರತಿ ಲಗತ್ತಿಸಿದ್ದೇನೆ. ಹುಡುಕುವ ಕೆಲಸವನ್ನು ಅವರೇ ಮಾಡಿ ಕೊಟ್ಟಂತಾಯಿತು. 22 ಮನೆಗೂ ಗೆರೆ ಬಿತ್ತು.

ಮೂರನೇ ಗುಂಪಿನ 26 ತಿಂಗಳು. ಇಲ್ಲಿ ನಾನು ಮೊದಲು ಹೇಳಿದ ಮಾತು ನೆನಪು ಮಾಡಿಕೊಳ್ಳಿ. ಹಣ ತಲುಪಿ ಹೆಸರು ತಲುಪದ್ದು ಒಂದು, ಹಣವೇ ತಲುಪದ್ದು ಇನ್ನೊಂದು. ಯಾವುದು ಎಂದು ಹೇಗೆ ತಿಳಿಯುವುದು? ಒಂದೇ ಪ್ರಶ್ನೆ ಸಾಕು. ನನ್ನದು ಮಾತ್ರ ಇಲ್ಲವಾ, ನನ್ನ ಜೊತೆ ಕೆಲಸ ಮಾಡಿದವರದ್ದೂ ಇಲ್ಲವಾ? ನಿಮ್ಮದು ಮಾತ್ರ ಇಲ್ಲ ಎಂದರೆ ಸಂಖ್ಯೆಯ ತಪ್ಪೋ ಹೆಸರಿನ ತಪ್ಪೋ ಆಗಿರುತ್ತದೆ, ಹಣ ಎಲ್ಲೋ ಇರುತ್ತದೆ. ಎಲ್ಲರದ್ದೂ ಅದೇ ತಿಂಗಳುಗಳಲ್ಲಿ ಇಲ್ಲ ಎಂದರೆ ಶಾಲೆಯಿಂದ ಶೆಡ್ಯೂಲ್ ಹೋಗಿಲ್ಲ, ಅಥವಾ ಹಣವೇ ಹೋಗಿಲ್ಲ.

ಟೀಚರ್ ಆ ಶಾಲೆಯ ಹಳೆಯ ಮೂವರು ಸಹೋದ್ಯೋಗಿಗಳಿಗೆ ಫೋನ್ ಮಾಡಿದರು. ಒಬ್ಬರ ಹತ್ತಿರ ಯಾವ ಚೀಟಿಯೂ ಇರಲಿಲ್ಲ. ಉಳಿದ ಇಬ್ಬರದ್ದನ್ನೂ ನೋಡಿದರೆ ಅದೇ 26 ತಿಂಗಳು ಖಾಲಿ. ಅವರಿಗೆ ಇದು ಗೊತ್ತೇ ಇರಲಿಲ್ಲ. ಆ ಶಾಲೆಯ ಆಡಳಿತ ಆ ಸಮಯದಲ್ಲಿ ಕೈ ಬದಲಾಗಿತ್ತು. ಸಂಬಳದಲ್ಲಿ ವಂತಿಗೆ ಮುರಿದಿದ್ದರು, ಚೀಟಿಯಲ್ಲಿ ತೋರಿಸಿದ್ದರು, ಕಟ್ಟಿರಲಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಮುರಿದ ಆ ಹಣ ಟೀಚರ್ ದುಡಿದ ಹಣ. ಅದನ್ನು ತಲುಪಿಸುತ್ತಾರೆ ಎಂದು ನಂಬಿ ಅವರು ಪಾಠ ಮಾಡುತ್ತಿದ್ದರು.

ಇಂಥ ಕಡೆ ಯಾವುದು ಸಾಕ್ಷಿ ಆಗುತ್ತದೆ? ನಾನು ಕೆಲಸ ಮಾಡಿದ್ದೆ ಎನ್ನುವುದಕ್ಕೆ ಹಾಜರಿ ಪುಸ್ತಕ, ಸೇವಾ ಪುಸ್ತಕ ಸಾಕು. ಆದರೆ ಕೇಳುವುದು ಅದನ್ನಲ್ಲ. ನಿಮ್ಮ ಸಂಬಳದಲ್ಲಿ ವಂತಿಗೆ ಮುರಿದಿದ್ದರು ಎನ್ನುವುದಕ್ಕೆ ಏನಿದೆ ಎಂದು ಕೇಳುತ್ತಾರೆ. ಅದಕ್ಕೆ ಸಂಬಳ ಚೀಟಿಯೇ ಬೇಕು, ಅಥವಾ ಸಂಬಳ ಬಿಲ್ಲಿನ ಪ್ರತಿ. ಟೀಚರ್ ಹತ್ತಿರ 26ರಲ್ಲಿ 19 ತಿಂಗಳ ಚೀಟಿ ಇದ್ದವು. ಅವರ ಯೋಜನೆಯ ನಿಯಮದಲ್ಲಿ ಒಂದು ಒಳ್ಳೆಯ ಮಾತು ಇತ್ತು: ಮುರಿದಿದ್ದಕ್ಕೆ ಪುರಾವೆ ಇದ್ದರೆ, ಕಟ್ಟದ ತಪ್ಪು ನೌಕರರ ಮೇಲೆ ಬೀಳಬಾರದು, ವಸೂಲಿ ಆಡಳಿತದವರಿಂದ ಆಗಬೇಕು. ಎಲ್ಲಾ ಯೋಜನೆಗಳಲ್ಲೂ ಹೀಗಿಲ್ಲ. ಹಣ ಬಂದರಷ್ಟೇ ಲೆಕ್ಕ ಎನ್ನುವ ಯೋಜನೆಗಳೂ ಇವೆ. ನಿಮ್ಮದರಲ್ಲಿ ಏನಿದೆ ಎಂದು ಮೊದಲು ಕೇಳಿಕೊಳ್ಳಿ.

ಮುದ್ದತಿನ ಬಗ್ಗೆಯೂ ಕೇಳಿಕೊಳ್ಳಿ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪೆನ್ಷನ್ ಯೋಜನೆಯಲ್ಲಿ ಒಂದು ವರ್ಷದ ಗಳಿಕೆಯ ದಾಖಲೆಯನ್ನು ತಿದ್ದಿಸಲು ಸಾಮಾನ್ಯವಾಗಿ ಆ ವರ್ಷ ಮುಗಿದ ಮೇಲೆ 3 ವರ್ಷ, 3 ತಿಂಗಳು, 15 ದಿನ ಇರುತ್ತದೆ. ಆಮೇಲೂ ಕೆಲವು ವಿನಾಯಿತಿಗಳಿವೆ, ಆದರೆ ವಿನಾಯಿತಿ ಎಂದರೆ ಕಾರಣ ತೋರಿಸಬೇಕಾದವರು ನೀವು. ಟೀಚರ್ ಯೋಜನೆಯಲ್ಲಿ ನಿವೃತ್ತಿಯ ಲೆಕ್ಕ ಅಂತಿಮ ಆಗುವವರೆಗೆ ಕೇಳಬಹುದಿತ್ತು. ಅವರು ಆ ಹಾಳೆಗೆ ಸಹಿ ಮಾಡದೆ ನನ್ನ ಹತ್ತಿರ ತಂದದ್ದು ಎಷ್ಟು ಒಳ್ಳೆಯದಾಯಿತು ಎಂದು ಆಮೇಲೆ ಅರ್ಥವಾಯಿತು. ಒಪ್ಪಿ ಸಹಿ ಮಾಡಿದ್ದರೆ ಮೂರೂ ಗುಂಪು ಮುಚ್ಚಿ ಹೋಗುತ್ತಿದ್ದವು.

ಇನ್ನೊಂದು ಮಾತು. ಆ 19 ಚೀಟಿಗಳನ್ನು ಕೊಡುವಾಗ ಟೀಚರ್ ಮೂಲ ಪ್ರತಿ ಕೊಡಲಿಲ್ಲ. ಮೂಲವನ್ನು ಮೇಜಿನ ಮೇಲೆ ತೋರಿಸಿ, ನಕಲಿನ ಮೇಲೆ 'ಮೂಲದೊಂದಿಗೆ ಹೋಲಿಸಿದೆ' ಎಂದು ಬರೆಸಿ, ತಮ್ಮ ಪತ್ರದ ಇನ್ನೊಂದು ಪ್ರತಿಯ ಮೇಲೆ ತಾರೀಖು ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರು. ಎಷ್ಟು ಚೀಟಿ ಕೊಟ್ಟಿದ್ದಾರೆ, ಯಾವ ಯಾವ ತಿಂಗಳಿನದು ಎನ್ನುವ ಪಟ್ಟಿಯೂ ಪತ್ರದಲ್ಲೇ ಇತ್ತು. ಎರಡು ತಿಂಗಳ ನಂತರ 17 ಚೀಟಿ ಮಾತ್ರ ಇವೆ ಎಂದು ಕಚೇರಿಯಿಂದ ಫೋನ್ ಬಂತು. ಆ ಮುದ್ರೆಯ ಪ್ರತಿ ತೋರಿಸಿದ ಮೇಲೆ ಉಳಿದ ಎರಡು ಬೇರೆ ಫೈಲಿನಲ್ಲಿ ಸಿಕ್ಕವು.

19 ತಿಂಗಳು ಒಪ್ಪಿದರು. ಈಗ ಒಟ್ಟು ಲೆಕ್ಕ ನೋಡಿ. 36, 22, 19 ಕೂಡಿದರೆ 77 ತಿಂಗಳು. 6 ವರ್ಷ 5 ತಿಂಗಳು. ಮೊದಲಿದ್ದ 27 ವರ್ಷಕ್ಕೆ ಸೇರಿದರೆ 33 ವರ್ಷ 5 ತಿಂಗಳು. ಅವರ ಯೋಜನೆಯಲ್ಲಿ ಸೇವೆಯ ಒಂದೊಂದು ವರ್ಷಕ್ಕೂ ಕೊನೆಯ ಸಂಬಳದ 60ರಲ್ಲಿ ಒಂದು ಪಾಲು ಪೆನ್ಷನ್ ಆಗಿ ಬರುತ್ತದೆ. ಅಂದರೆ ಮೊದಲ ಹಾಳೆಯ ಪ್ರಕಾರ 60ರಲ್ಲಿ 27 ಪಾಲು ಬರಬೇಕಿತ್ತು, ಈಗ 33 ಪಾಲು ಮತ್ತು ಸ್ವಲ್ಪ. ಮೊದಲು ಹೇಳಿದ ಪೆನ್ಷನ್‌ಗೆ ಹೋಲಿಸಿದರೆ ಹೆಚ್ಚುಕಡಿಮೆ ಕಾಲು ಭಾಗ ಜಾಸ್ತಿ, ಅದೂ ಬದುಕಿರುವಷ್ಟು ಕಾಲ, ಪ್ರತಿ ತಿಂಗಳೂ. ಖಾತೆಯಲ್ಲಿ ಸೇರಿದ ಮೊತ್ತದ ಮೇಲೆ ಪೆನ್ಷನ್ ಕೊಡುವ ಯೋಜನೆ ನಿಮ್ಮದಾಗಿದ್ದರೆ ಲೆಕ್ಕ ಬೇರೆ. ಅಲ್ಲಿ ಕಳೆದ ವಂತಿಗೆಯ ಜೊತೆ ಅಷ್ಟು ವರ್ಷದ ಬಡ್ಡಿಯನ್ನೂ ಕೇಳಬೇಕು, ಸುಮ್ನೆ ಅಸಲು ಸೇರಿಸಿದರೆ ಸಾಲದು.

7 ಮನೆ ಖಾಲಿ ಉಳಿದವು. ಚೀಟಿ ಇಲ್ಲ, ದಾಖಲೆ ಇಲ್ಲ. ಅದೇ ಶಾಲೆಯಲ್ಲಿ ಅದೇ ಗುಂಪಿನ ಉಳಿದ 19 ತಿಂಗಳು ಮುರಿದಿದ್ದಾರೆ, ಈ 7 ತಿಂಗಳು ಮಾತ್ರ ಮುರಿಯದೇ ಇರುತ್ತಾರಾ ಎಂದು ಟೀಚರ್ ಕೇಳಿದರು. ನ್ಯಾಯವಾದ ಮಾತು. ಆದರೆ ಕಚೇರಿಯವರು ಅದನ್ನು ಪುರಾವೆ ಎಂದು ಒಪ್ಪಲಿಲ್ಲ. 33 ವರ್ಷ 5 ತಿಂಗಳಿಗೆ ಪೆನ್ಷನ್ ಶುರು ಮಾಡಿ, ಉಳಿದ 7 ತಿಂಗಳ ಬಗ್ಗೆ ತಕರಾರು ಉಳಿಸಿಕೊಂಡಿದ್ದೇನೆ ಎಂದು ಬರೆದು ಅವರು ಸಹಿ ಮಾಡಿದರು.

ಹೋದ ತಿಂಗಳು ಅವರು ಮತ್ತೆ ಬಂದರು. ಅದೇ ಶಾಲೆಯ ಆ ಇಬ್ಬರು ಸಹೋದ್ಯೋಗಿಗಳು ಈಗ ತಮ್ಮ ತಮ್ಮ ಚೌಕುಳಿ ಹಾಳೆ ಮಾಡುತ್ತಿದ್ದಾರೆ. ಟೀಚರ್ ಅವರಿಗೆ ಗೆರೆ ಹಾಕುವುದನ್ನು ಹೇಳಿಕೊಡುತ್ತಿದ್ದಾರೆ. ಅವರಲ್ಲಿ ಒಬ್ಬರ ಮನೆಯಲ್ಲಿ, ಹಳೇ ಪಠ್ಯಪುಸ್ತಕಕ್ಕೆ ಹಾಕಿದ ರಟ್ಟಿನೊಳಗೆ, ಮೂರು ತಿಂಗಳ ಸಂಬಳ ಬಿಲ್ಲಿನ ಕಾರ್ಬನ್ ಪ್ರತಿ ಸಿಕ್ಕಿದೆ. ಹನ್ನೊಂದು ಜನರ ಹೆಸರು ಇದೆ, ಎಲ್ಲರ ಮುಂದೆಯೂ ವಂತಿಗೆಯ ಕಾಲಂ ತುಂಬಿದೆ. ಆರನೇ ಸಾಲು ಟೀಚರ್‌ದು. ಮೂರು ತಿಂಗಳೂ ಆ 7ರ ಒಳಗಿನವೇ. ಅವರು ನಕಲು ಮಾಡಿಸಿ, ಒಂದು ಪುಟದ ಪತ್ರ ಬರೆದು, ಮುದ್ರೆ ಹಾಕಿಸಿಕೊಂಡು ಬಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಹಾಳೆಯ ಆ ಮೂರು ಮನೆಗಳಲ್ಲಿ ಈಗ ಕೆಂಪು ಚುಕ್ಕೆ ಇದೆ.